ದಾಸ್ತಾನು–ಮಾರಾಟ ಅನುಪಾತ: ಮಾರಾಟ ಏರದೆಯೂ ಉತ್ಪಾದನೆ ಏಕೆ ಏರುತ್ತದೆ?

ತಿಂಗಳ ಕೊನೆಗೆ ಉಳಿದ ಸರಕಿನ ಮೌಲ್ಯವನ್ನು ಆ ತಿಂಗಳ ಮಾರಾಟದಿಂದ ಭಾಗಿಸಿ. ಉತ್ತರ 1.4 ಬಂದರೆ, ಇದೇ ವೇಗದಲ್ಲಿ ಮಾರಾಟವಾದರೆ ಸರಕು 1.4 ತಿಂಗಳಿಗೆ ಸಾಕು ಎಂದರ್ಥ.

ಅನುಪಾತ ಏರಿದರೆ ದಾಸ್ತಾನು ಹೆಚ್ಚಿದೆ ಎಂದು ಓದುವುದೇ ಇಲ್ಲಿನ ಮೊದಲ ತಪ್ಪು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ದಾಸ್ತಾನು ಸುಮಾರು ಶೇ 1ರಷ್ಟು ಕಡಿಮೆಯಾಗಿತ್ತು. ಆದರೆ ಮಾರಾಟ ಸುಮಾರು ಶೇ 14ರಷ್ಟು ಬಿದ್ದಿದ್ದರಿಂದ ಅನುಪಾತ 1.6ನ್ನೂ ದಾಟಿತು. ಏರಿಕೆಗೆ ಕಾರಣ ಛೇದ, ಅಂಶವಲ್ಲ. ಹಾಗಾಗಿ ದಾಸ್ತಾನು, ಮಾರಾಟ ಎರಡನ್ನೂ ಬೇರೆ ಬೇರೆಯಾಗಿ ನೋಡಿದ ಮೇಲೆಯೇ ಅನುಪಾತಕ್ಕೆ ಬರಬೇಕು.

ಹೆಚ್ಚು ತಲೆ ಕೆಡಿಸುವುದು ಮುಂದಿನ ಹೆಜ್ಜೆ, ಅಂದರೆ ದಾಸ್ತಾನು ಉತ್ಪಾದನೆಯನ್ನು ಏರಿಳಿಸುವ ಬಗೆ. ಅದಕ್ಕೊಂದು ಕಾಲ್ಪನಿಕ ಕಾರ್ಖಾನೆಯ ಲೆಕ್ಕ ಮಾಡೋಣ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ಉತ್ಪಾದನೆ = ಮಾರಾಟ + ದಾಸ್ತಾನಿನ ಬದಲಾವಣೆ.

ತಿಂಗಳಿಗೆ 100 ಮಾರಾಟ, 100 ಉತ್ಪಾದನೆ, 140 ದಾಸ್ತಾನು, ಅನುಪಾತ 1.4. ಮಾಲೀಕರಿಗೆ ಬೇಕಾದದ್ದೂ ಅಷ್ಟೇ. ಈಗ ಮಾರಾಟ 90ಕ್ಕೆ ಇಳಿಯಿತು. ಆ ತಿಂಗಳ 100 ಸರಕು ಆಗಲೇ ತಯಾರಾಗಿರುವುದರಿಂದ ದಾಸ್ತಾನು 150 ಆಗುತ್ತದೆ, ಅನುಪಾತ 1.67. ಹೊಸ ಮಾರಾಟಕ್ಕೆ 1.4ರ ಲೆಕ್ಕದಲ್ಲಿ ಸಾಕಾಗುವುದು 126. ಹೆಚ್ಚುವರಿ 24ನ್ನು ನಾಲ್ಕು ತಿಂಗಳಲ್ಲಿ ಕರಗಿಸಬೇಕೆಂದರೆ ಮಾರಾಟಕ್ಕಿಂತ ತಿಂಗಳಿಗೆ 6 ಕಡಿಮೆ ತಯಾರಿಸಬೇಕು, ಅಂದರೆ 84. ಮಾರಾಟ ಬಿದ್ದದ್ದು ಶೇ 10, ಉತ್ಪಾದನೆ ಬಿದ್ದದ್ದು ಶೇ 16. ಹಿಂಜರಿತ ಬೇಡಿಕೆಯ ಕುಸಿತಕ್ಕಿಂತ ಆಳವಾಗುವುದು ಹೀಗೆ.

ನಾಲ್ಕು ತಿಂಗಳು ಕಳೆದು ದಾಸ್ತಾನು 126ಕ್ಕೆ ಬಂದಿತು. ಕರಗಿಸಲು ಇನ್ನೇನೂ ಉಳಿದಿಲ್ಲ, ಉತ್ಪಾದನೆ 84ರಿಂದ ಮತ್ತೆ 90ಕ್ಕೆ ಬರುತ್ತದೆ. ಅದು ಶೇ 7ರಷ್ಟು ಏರಿಕೆ, ಮಾರಾಟ ಮಾತ್ರ ಇದ್ದಲ್ಲೇ ಇದೆ! ಇಳಿಕೆ ಮುಗಿದು ಏರಿಕೆ ಶುರುವಾಗುವ ತಿರುವು ಇದೇ. ಉತ್ಪಾದನೆ ಏರಲು ದಾಸ್ತಾನು ಹೆಚ್ಚಲೇಬೇಕೆಂದಿಲ್ಲ, ಕರಗುವ ವೇಗ ತಗ್ಗಿದರೂ ಸಾಕು. 2009ರ ಕೊನೆಯ ತ್ರೈಮಾಸಿಕದಲ್ಲಿ ಅಮೆರಿಕದ ಜಿಡಿಪಿ ಬೆಳವಣಿಗೆಯ ದೊಡ್ಡ ಪಾಲು ಬಂದದ್ದು ಇಂಥದ್ದೇ ಲೆಕ್ಕದಿಂದ.

ಇಷ್ಟಾದರೂ ಪ್ರತಿ ಏರಿಕೆಯೂ ಅಪಾಯದ ಗಂಟೆಯಲ್ಲ. 2021ರಲ್ಲಿ ಸಾಗಣೆ ಸಿಕ್ಕಿಹಾಕಿಕೊಂಡು ಅಂಗಡಿಗಳು ಬರಿದಾಗಿದ್ದವು. ಆ ಮೇಲಿನ ಏರಿಕೆಯಲ್ಲಿ ಖಾಲಿ ಕಪಾಟು ತುಂಬಿಸಿದ ಭಾಗವೂ ಇತ್ತು. ವ್ಯತ್ಯಾಸ ತಿಳಿಯಲು ಹೊಸ ಆರ್ಡರ್‌ಗಳನ್ನು ನೋಡಿ: ಅನುಪಾತ ಏರುತ್ತಿರುವಾಗ ಮಾರಾಟವೂ ಆರ್ಡರ್‌ಗಳೂ ಇಳಿಯುತ್ತಿದ್ದರೆ ಅದು ಬೇಡದ ದಾಸ್ತಾನು. ಹಬ್ಬಕ್ಕೆ ಮುಂಚೆ ಬೇಕೆಂದೇ ಪೇರಿಸಿದ್ದು ಬೇರೆ. ಅದಕ್ಕೇ ಋತುಮಾನದ ಏರಿಳಿತ ತೆಗೆದ ಅಂಕಿಗಳನ್ನೇ ಬಳಸಬೇಕು.

ಅಮೆರಿಕದ ಮಾಸಿಕ ಸರಣಿ ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ಅಂಕಿಅಂಶ ತಾಣ ಫ್ರೆಡ್‌ನಲ್ಲಿ `ISRATIO` ಹೆಸರಲ್ಲಿ ಸಿಗುತ್ತದೆ, ಆದರೆ ಸುಮಾರು ಒಂದೂವರೆ ತಿಂಗಳು ತಡವಾಗಿ. ಭಾರತದ ತಯಾರಿಕಾ ವಲಯಕ್ಕೆ ಆರ್ಡರ್, ದಾಸ್ತಾನು, ಸಾಮರ್ಥ್ಯ ಬಳಕೆಗಳನ್ನು ಅಳೆಯುವ ರಿಸರ್ವ್ ಬ್ಯಾಂಕಿನ ಒಬಿಕಸ್ ಸಮೀಕ್ಷೆ ಇದೆ. ಅದು ತ್ರೈಮಾಸಿಕ, ಎರಡನ್ನೂ ನೇರವಾಗಿ ಹೋಲಿಸಬೇಡಿ.