ಪ್ರಿನ್ಸಿಪಾಲರಿಗೆ ಬರೆಯುವ ಪತ್ರದಲ್ಲಿ ಏನು ಕೇಳಬೇಕು?

ಮೊನ್ನೆ ಒಬ್ಬ ತಾಯಿ ತಾವು ಬರೆದ ಪತ್ರ ತೋರಿಸಿದರು. ಮಗಳ ಶಾಲೆಯ ಪ್ರಿನ್ಸಿಪಾಲರಿಗೆ ಕೊಡಬೇಕಿತ್ತು. "ಹೋಂವರ್ಕ್‌ಗೆ ಎಐ ಬಳಸಲು ಬಿಡುತ್ತೀರಾ? ಬಿಟ್ಟರೆ ಹೇಗೆ ಗಮನಿಸುತ್ತೀರಿ?" ಎಂದು ಕೇಳಿದ್ದರು. ಪ್ರಶ್ನೆ ಸರಿ. ಆದರೆ ಹೀಗೆ ಕೇಳಿದರೆ "ನಿಗಾ ಇಟ್ಟಿದ್ದೇವೆ" ಅನ್ನೋ ಒಂದು ಸಾಲಿನ ಉತ್ತರ ಬರುತ್ತದೆ. ನಾನು ಗಣಿತ ಮೇಷ್ಟ್ರು, ಹೋಂವರ್ಕ್ ತಿದ್ದಿಯೇ ವರ್ಷಗಳು ಕಳೆದಿವೆ. ಹಾಗಾಗಿ ಪತ್ರವನ್ನು ಸ್ವಲ್ಪ ಬದಲಿಸಿ ಅಂದೆ.

ಮೊದಲು ಕೇಳಬೇಕಾದದ್ದು, ಗಮನಿಸುವುದು ಅಂದರೆ ಎಐ ಬರೆದದ್ದನ್ನು ಪತ್ತೆ ಹಚ್ಚುವ ಸಾಫ್ಟ್‌ವೇರ್ ಹಾಕುವುದಾ ಅಂತ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಇಂಥದ್ದೊಂದನ್ನು ಬಿಟ್ಟಿತ್ತು. ಅವರದೇ ಪರೀಕ್ಷೆಯಲ್ಲಿ ಅದು ಎಐ ಬರಹದಲ್ಲಿ ಶೇ. 26ರಷ್ಟನ್ನು ಮಾತ್ರ ಹಿಡಿಯಿತು, ಮನುಷ್ಯರು ಬರೆದದ್ದರಲ್ಲಿ ಶೇ. 9ರಷ್ಟನ್ನು ಎಐ ಅಂತ ತಪ್ಪಾಗಿ ಹೇಳಿತು. ಜುಲೈನಲ್ಲಿ ನಿಲ್ಲಿಸಿಬಿಟ್ಟರು. ಶೇ. 9 ಅಂದರೆ, 30 ಮಕ್ಕಳೂ ಸ್ವಂತವಾಗಿ ಬರೆದಿದ್ದರೂ ಇಬ್ಬರು ಮೂವರ ಮೇಲೆ ಸುಮ್ನೆ ಆರೋಪ ಬರುತ್ತದೆ! ಈಗಿನ ಸಾಧನಗಳು ಬೇರೆ ಇರಬಹುದು, ಆದರೂ ಬರೀ ಒಂದು ಅಂಕಿ ನೋಡಿ ಮಗುವಿಗೆ ಶಿಕ್ಷೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಹಾಗಾಗಿ ಪತ್ರದಲ್ಲಿ ನೇರವಾಗಿ ಕೇಳಿ: ಅನುಮಾನ ಬಂದರೆ ಮೊದಲು ಮಗುವಿನ ಜೊತೆ ಯಾರು ಮಾತಾಡುತ್ತಾರೆ, ನಮಗೆ ಯಾವಾಗ ತಿಳಿಸುತ್ತೀರಿ?

ಮಾತಾಡುವುದು ಅಂದರೆ ಗದರಿಸುವುದಲ್ಲ. ತರಗತಿಯಲ್ಲಿ ಅಪವರ್ತನ ಕಲಿಸಿ x² − 5x + 6 = 0 ಲೆಕ್ಕ ಕೊಟ್ಟಿದ್ದೇನೆ ಅಂದುಕೊಳ್ಳಿ. ಒಬ್ಬ ಹುಡುಗ ನಾನಿನ್ನೂ ಹೇಳಿಕೊಡದ ಸೂತ್ರ ಹಾಕಿ 2 ಮತ್ತು 3 ಅಂತ ಉತ್ತರ ತಂದಿದ್ದಾನೆ. ಉತ್ತರ ಸರಿಯಿದೆ. ಅಣ್ಣ ಹೇಳಿಕೊಟ್ಟಿರಬಹುದು, ಫೋಟೊ ತೆಗೆದರೆ ಬಿಡಿಸಿಕೊಡುವ ಆ್ಯಪ್ ಕೂಡ ಇರಬಹುದು. ನಾನು ಬೋರ್ಡ್ ಮೇಲೆ x² − 7x + 12 = 0 ಬರೆದು, ಇದನ್ನು ಮಾಡು ಮಗಾ ಅಂತೀನಿ. ಕಲಿತವನು −7x ಅನ್ನು −3x, −4x ಆಗಿ ಒಡೆಯುತ್ತಾನೆ, ಇಲ್ಲವೇ ಆ ಸೂತ್ರವನ್ನೇ ಹಾಕಿ ಹೇಗೆ ಬಂತು ಅಂತ ಹೇಳುತ್ತಾನೆ. ನಕಲು ಮಾಡಿದವನು ಮೊದಲ ಸಾಲಲ್ಲೇ ನಿಲ್ಲುತ್ತಾನೆ. ಎರಡೇ ನಿಮಿಷದ ಕೆಲಸ. ನಾಚಿಕೆ ಸ್ವಭಾವದ ಮಗು ಬೋರ್ಡ್ ಮುಂದೆ ಗೊತ್ತಿದ್ದರೂ ತಡವರಿಸುತ್ತದೆ, ಅಂಥವರನ್ನು ಪಕ್ಕಕ್ಕೆ ಕರೆದು ಕೇಳಬೇಕು.

ಬಳಸಬಹುದಾ ಅನ್ನುವುದನ್ನು ಇಡೀ ಶಾಲೆಗೆ ಒಂದೇ ನಿಯಮ ಮಾಡಿ ಮುಗಿಸೋಕಾಗಲ್ಲ. ಅಪವರ್ತನ ಅಭ್ಯಾಸಕ್ಕೆ ಬೇಡ, ಮಾಡಿ ಮುಗಿಸಿದ ಮೇಲೆ ಎಲ್ಲಿ ತಪ್ಪಿತು ಅಂತ ನೋಡೋಕೆ ಪರವಾಗಿಲ್ಲ. ಇದನ್ನು ಪ್ರತಿ ಹೋಂವರ್ಕ್ ಜೊತೆ ಡೈರಿಯಲ್ಲಿ ಒಂದು ಸಾಲು ಬರೆಸಿದರೆ ಮನೆಯಲ್ಲಿ ಜಗಳವೇ ಇರುವುದಿಲ್ಲ, ಅಲ್ವಾ?

ಆ ತಾಯಿ ಕೊನೆಗೆ ಇನ್ನೊಂದು ಸಾಲು ಸೇರಿಸಿದರು: "ಮಗಳ ಹೆಸರು, ಫೋಟೊ ಕೊಟ್ಟು ಯಾವುದಾದರೂ ಆ್ಯಪ್‌ನಲ್ಲಿ ಖಾತೆ ತೆರೆಯುವ ಮುಂಚೆ ನನ್ನ ಒಪ್ಪಿಗೆ ಪಡೆಯಿರಿ." ಅದು ನನಗೆ ಹೊಳೆದೇ ಇರಲಿಲ್ಲ. ಈಗ ಕೇಳಿದವರಿಗೆಲ್ಲ ಅದನ್ನೂ ಬರೆಯಿರಿ ಅಂತೀನಿ.