ಕ್ಲೋನ್ ಪ್ರೊಫೈಲ್: ಟೊಂಗೆ ಒಬ್ಬರದು, ಬೇರು ಇನ್ನೊಬ್ಬರದು

ಕ್ಲೋನ್ ಎಂಬ ಶಬ್ದದ ಮೂಲ ಗ್ರೀಕ್ ಭಾಷೆಯಲ್ಲಿದೆ. ಅಲ್ಲಿ ಅದಕ್ಕೆ ಕಡ್ಡಿ, ಚಿಕ್ಕ ಟೊಂಗೆ ಎಂಬ ಅರ್ಥ. ಧಾರವಾಡದ ಸುತ್ತಿನ ಆಪೂಸು ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತಾಯಿಮರದ ಕಡ್ಡಿಯನ್ನು ತಂದು ಬೇರೊಂದು ಸಸಿಯ ಮೇಲೆ ಕಸಿ ಕಟ್ಟಿದರೆ, ಮುಂದೆ ಕಣ್ಣಿಗೆ ಕಾಣುವ ಎಲೆ, ಹೂವು, ಹಣ್ಣು ಎಲ್ಲವೂ ತಾಯಿಮರದ್ದೇ ಆಗಿರುತ್ತವೆ, ಮಣ್ಣಿನೊಳಗಿನ ಬೇರು ಮಾತ್ರ ಬೇರೆಯದು. ಕ್ಲೋನ್ ಪ್ರೊಫೈಲ್ ಎಂದರೂ ಅದೇ: ನಿಜವಾಗಿ ಇರುವ ಒಬ್ಬ ವ್ಯಕ್ತಿಯ ಹೆಸರು, ಫೋಟೋ, ಹುದ್ದೆ, ಓದಿದ ಕಾಲೇಜು ಎಲ್ಲವನ್ನೂ ಇದ್ದದ್ದು ಇದ್ದಂತೆಯೇ ಎತ್ತಿಕೊಂಡು, ಬೇರೊಬ್ಬನು ತನ್ನ ಹಿಡಿತದಲ್ಲಿ ತೆರೆದ ಖಾತೆ.

ನಕಲಿ ಪ್ರೊಫೈಲ್ ಮತ್ತು ಕ್ಲೋನ್ ಪ್ರೊಫೈಲ್ ಎಂಬ ಎರಡು ಮಾತುಗಳನ್ನು ಒಂದೇ ಎಂಬಂತೆ ಬಳಸುವುದುಂಟು, ಆದರೆ ಅವುಗಳ ನಡುವಿನ ವ್ಯತ್ಯಾಸ ಬಲು ಮುಖ್ಯವಾದದ್ದು. ನಕಲಿ ಪ್ರೊಫೈಲಿನಲ್ಲಿ ಇಲ್ಲದ ವ್ಯಕ್ತಿಯನ್ನು ಹುಟ್ಟಿಸಿರುತ್ತಾರೆ. ಹೆಸರನ್ನು ಹುಡುಕಿದರೆ ಏನೂ ಸಿಗದೆ ಬಣ್ಣ ಬಯಲಾಗುತ್ತದೆ. ಕ್ಲೋನ್‌ನಲ್ಲಿ ಹಾಗಾಗುವುದಿಲ್ಲ. ಹುಡುಕಿದಷ್ಟೂ ಅದು ಹೇಳುವುದೆಲ್ಲ ನಿಜವೆಂದೇ ತಿಳಿಯುತ್ತ ಹೋಗುತ್ತದೆ, ಮತ್ತು ಎಚ್ಚರಿಕೆಯಿಂದ ಪರಿಶೀಲಿಸುವವರೂ ಇದಕ್ಕೆ ಬಲಿಯಾಗುವುದು ಈ ಕಾರಣಕ್ಕೆ.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ನವನಗರದ ಹುಡುಗಿಯೊಬ್ಬಳು ಬಿ.ಇ. ಮುಗಿಸಿ ವರ್ಷವಾಗಿದೆ. ಬೆಂಗಳೂರಿನ ಕಂಪನಿಯೊಂದರ ನೇಮಕಾತಿ ಅಧಿಕಾರಿಯ ಹೆಸರಿನಲ್ಲಿ ಅವಳಿಗೆ ಲಿಂಕ್ಡ್‌ಇನ್‌ನಲ್ಲಿ ಸಂದೇಶ ಬರುತ್ತದೆ. ಅವಳು ಆ ಹೆಸರನ್ನು ಗೂಗಲ್‌ನಲ್ಲಿ ಹುಡುಕುತ್ತಾಳೆ. ಅಂಥ ಅಧಿಕಾರಿ ಇದ್ದಾರೆ, ಕಂಪನಿಯೂ ಇದೆ, ಫೋಟೋ ಕೂಡ ಅವರದೇ. ಅಲ್ಲಿಗೆ ಅವಳ ಅನುಮಾನ ಮುಗಿಯುತ್ತದೆ. ಮಾತು ವಾಟ್ಸ್ಆ್ಯಪ್‌ಗೆ ಸಾಗುತ್ತದೆ, ಇಪ್ಪತ್ತು ನಿಮಿಷದ ಸಂದರ್ಶನ ಬರೀ ಬರಹದಲ್ಲೇ ನಡೆಯುತ್ತದೆ, ಸಂಜೆಯ ಹೊತ್ತಿಗೆ ಕಂಪನಿಯ ಲಾಂಛನವಿರುವ ಆಫರ್ ಲೆಟರ್ ಬರುತ್ತದೆ. ಜೊತೆಗೆ ಲ್ಯಾಪ್‌ಟಾಪ್ ಠೇವಣಿಯೆಂದು ₹7,800 ಕಟ್ಟಬೇಕು, ಮೊದಲ ಸಂಬಳದೊಂದಿಗೆ ಅದು ಮರಳಿ ಬರುತ್ತದೆ, ಎರಡು ತಾಸಿನೊಳಗೆ ಕಟ್ಟದಿದ್ದರೆ ಸ್ಥಾನ ಬೇರೆಯವರಿಗೆ ಹೋಗುತ್ತದೆ ಎಂಬ ಸೂಚನೆ. ದುರ್ಗದಬೈಲಿನಲ್ಲಿ ಅಂಗಡಿ ಇಟ್ಟಿರುವ ಅವಳ ತಂದೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದೊಡನೆ ಮೊಬೈಲಿನಲ್ಲಿ ಮೂಡಿದ ಹೆಸರು ನೋಡಿ ಕೇಳುತ್ತಾರೆ: “ಅಲ್ಲವ್ವಾ, ಕಂಪನಿ ರೊಕ್ಕ ಕಂಪನಿ ಹೆಸರಿಗೆ ಹೋಗಬೇಕು. ಇದ್ಯಾರದ ಹೆಸರ ಬಂತು?” ದಿನಕ್ಕೆ ನೂರು ಸಲ ಇಂಥ ವ್ಯವಹಾರ ನೋಡುವವರಾದ್ದರಿಂದ, ಹಣ ಕಳಿಸುವ ಮುಂಚೆ ಯುಪಿಐ ತೋರಿಸುವ ಖಾತೆದಾರನ ಹೆಸರನ್ನು ಓದುವುದು ಅವರಿಗೆ ರೂಢಿಯಾಗಿದೆ.

ಹುಡುಗಿ ಕೇಳಿಕೊಂಡ ಪ್ರಶ್ನೆ, “ಈ ವ್ಯಕ್ತಿ ಇದ್ದಾರೆಯೇ?” ಎಂಬುದು. ಕೇಳಬೇಕಾಗಿದ್ದದ್ದು, “ಈ ಸಂದೇಶ ಕಳಿಸಿದವರು ಅವರೇ ಹೌದೇ?” ಎಂದು. ಇದಕ್ಕೆ ಉತ್ತರ ಸಿಗುವುದು ನಕಲು ಮಾಡಲು ಬಾರದ ಸಂಗತಿಗಳಲ್ಲಿ.

ಮೊದಲನೆಯದು ಪ್ರೊಫೈಲಿನ ವಿಳಾಸ. ಲಿಂಕ್ಡ್‌ಇನ್‌ನಲ್ಲಿ `linkedin.com/in/` ಎಂಬುದರ ಮುಂದೆ ಬರುವ ಭಾಗ ಒಂದು ಖಾತೆಗೆ ಒಂದೇ. ಒಂದೇ ಹೆಸರಿನ ಹತ್ತು ಜನರಿರಬಹುದು, ಆದರೆ ಒಂದೇ ವಿಳಾಸದ ಎರಡು ಖಾತೆಗಳಿರಲಾರವು. ಆದ್ದರಿಂದ ಅದೇ ಹೆಸರನ್ನು ಲಿಂಕ್ಡ್‌ಇನ್ ಒಳಗೇ ಹುಡುಕಬೇಕು. ಒಂದೇ ಮುಖದ ಎರಡು ಪ್ರೊಫೈಲುಗಳು ಕಂಡರೆ, ಯಾವುದು ಹಳೆಯದು ಎಂದು ನೋಡುವುದು ಮುಂದಿನ ಕೆಲಸ. ಪ್ರೊಫೈಲಿನಲ್ಲಿ `More` ಒತ್ತಿದರೆ ಸಿಗುವ `About this profile` ಎಂಬಲ್ಲಿ ಖಾತೆ ತೆರೆದ ತಿಂಗಳು ಮತ್ತು ವರ್ಷವನ್ನು ತೋರಿಸುತ್ತಾರೆ. 2022ರಲ್ಲಿ ಬಂದ ಸೌಲಭ್ಯವಿದು. ಹನ್ನೆರಡು ವರ್ಷಗಳ ಅನುಭವ ಬರೆದುಕೊಂಡವರ ಖಾತೆ ಹೋದ ತಿಂಗಳಷ್ಟೇ ಹುಟ್ಟಿದ್ದರೆ ಅನುಮಾನಕ್ಕೆ ಅದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ.

ಎರಡನೆಯದು ಇಮೇಲ್ ವಿಳಾಸ. ಇಲ್ಲಿ ಕಣ್ಣು ಎಡದಿಂದ ಓದಿ ಮೋಸಹೋಗುತ್ತದೆ, ಓದಬೇಕಾದದ್ದು ಬಲದಿಂದ. ಕಂಪನಿಯ ಜಾಲತಾಣ `example.com` ಎಂದಿಟ್ಟುಕೊಂಡರೆ, `hr@careers.example.com` ಎಂಬುದು ಆ ಕಂಪನಿಯದೇ ವಿಳಾಸ, ಏಕೆಂದರೆ ಬಲತುದಿಯಲ್ಲಿ ಚುಕ್ಕೆಯ ನಂತರ `example.com` ಹಾಗೆಯೇ ಉಳಿದಿದೆ. `hr@example-careers.com` ಎಂಬುದು ಹಾಗಲ್ಲ; ಅಡ್ಡಗೆರೆ ಹಾಕಿ ಕೂಡಿಸಿದ ಆ ಹೆಸರು ಖಾಲಿ ಇದ್ದರೆ ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಕಂಪನಿಗಳು ಕೂಡ ಕೆಲವೊಮ್ಮೆ ಇಂಥ ಎರಡನೆಯ ಹೆಸರು ಇಟ್ಟುಕೊಳ್ಳುವುದುಂಟು, ಸಣ್ಣ ಕನ್ಸಲ್ಟೆನ್ಸಿಗಳವರು ಜಿಮೇಲ್‌ನಲ್ಲೇ ಬರೆಯುವುದೂ ಉಂಟು, ಹಾಗಾಗಿ ಇದೊಂದರಿಂದಲೇ ತೀರ್ಮಾನಕ್ಕೆ ಬರುವಂತಿಲ್ಲ.

ಈ ಎಲ್ಲ ಪರೀಕ್ಷೆಗೂ ಒಂದು ಮಿತಿಯಿದೆ. ಅಧಿಕಾರಿಯ ನಿಜವಾದ ಖಾತೆಯ ಪಾಸ್‌ವರ್ಡ್ ಕದ್ದು ಅದರಿಂದಲೇ ಸಂದೇಶ ಕಳಿಸಿದ್ದರೆ ವಿಳಾಸವೂ ಸರಿ ಇರುತ್ತದೆ, ಖಾತೆಯ ವಯಸ್ಸೂ ಸರಿ ಇರುತ್ತದೆ. ಆಗ ಉಳಿಯುವ ದಾರಿ ಒಂದೇ: ಸಂದೇಶದಲ್ಲಿರುವ ಸಂಖ್ಯೆಯನ್ನು ಬಿಟ್ಟು, ಕಂಪನಿಯ ಜಾಲತಾಣವನ್ನು ತಾವೇ ಟೈಪ್ ಮಾಡಿ ತೆರೆದು, ಅಲ್ಲಿ ಕೊಟ್ಟ ಸಂಖ್ಯೆಗೆ ಅಥವಾ ಇಮೇಲ್‌ಗೆ “ಈ ಹುದ್ದೆಗೆ ಇವರು ನನ್ನನ್ನು ಸಂಪರ್ಕಿಸಿದ್ದು ನಿಜವೇ?” ಎಂದು ಕೇಳುವುದು.

ಕ್ಲೋನ್ ಮಾಡುವವನಿಗೆ ಬೇಕಾದ ಕಚ್ಚಾವಸ್ತು ನಮ್ಮ ಪ್ರೊಫೈಲಿನಿಂದಲೂ ಹೋಗುತ್ತದೆ. ನಮ್ಮ ಕಡೆಯ ಬಹಳಷ್ಟು ರೆಸ್ಯೂಮೆಗಳು ಇನ್ನೂ ಹಳೆಯ ಅರ್ಜಿ ನಮೂನೆಯಲ್ಲೇ ಇವೆ: ತಂದೆಯ ಹೆಸರು, ಜನ್ಮದಿನಾಂಕ, ಕಾಯಂ ವಿಳಾಸ, ಕೊನೆಗೆ “ಮೇಲೆ ಹೇಳಿದ್ದೆಲ್ಲ ಸತ್ಯ” ಎಂಬ ಘೋಷಣೆ ಮತ್ತು ಅದರ ಕೆಳಗೆ ಸ್ಕ್ಯಾನ್ ಮಾಡಿದ ಸಹಿ. ಆ ಘೋಷಣೆಯನ್ನು ಯಾವ ಕಂಪನಿ ಓದುತ್ತದೆಯೋ ನನಗಂತೂ ತಿಳಿಯದು, ಆದರೆ ಸಹಿ ಬೇಕಾದವನು ಓದುತ್ತಾನೆ. ಸಾರ್ವಜನಿಕವಾಗಿ ಇಡುವ ಪ್ರತಿಯಲ್ಲಿ ಹೆಸರು, ಊರು, ಓದು, ಅನುಭವ, ಕೆಲಸ ಹುಡುಕಲೆಂದೇ ತೆರೆದ ಒಂದು ಇಮೇಲ್ ವಿಳಾಸ ಇಷ್ಟಿದ್ದರೆ ಸಾಕು. ಲಿಂಕ್ಡ್‌ಇನ್‌ನ `Visibility` ವಿಭಾಗದಲ್ಲಿ ಸಂಪರ್ಕಗಳ ಪಟ್ಟಿ ತಮಗೆ ಮಾತ್ರ ಕಾಣುವಂತೆ ಮಾಡಿಕೊಳ್ಳಬಹುದು; ಅದು ತೆರೆದಿದ್ದರೆ, ನಮ್ಮ ಕ್ಲೋನ್ ಮಾಡಿದವನು ಮುಂದೆ ಯಾರನ್ನು ಮಾತನಾಡಿಸಬೇಕೆಂಬುದನ್ನು ನಾವೇ ಬರೆದುಕೊಟ್ಟಂತಾಗುತ್ತದೆ. ಆಧಾರ್ ಕೊಡಲೇಬೇಕಾದ ಹಂತ ಬಂದರೂ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ನಡೆಯುತ್ತದೆಯೇ ಎಂದು ಮೊದಲು ಕೇಳಬೇಕು.

ಹಣ ಹೋಗಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು, ಏಕೆಂದರೆ ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುಂಚೆ ಬ್ಯಾಂಕು ಅದನ್ನು ತಡೆಹಿಡಿಯಬೇಕಾಗುತ್ತದೆ. ಯುಪಿಐ ವ್ಯವಹಾರದ 12 ಅಂಕಿಗಳ ಸಂಖ್ಯೆ ಕೈಯಲ್ಲಿರಲಿ. ದೂರನ್ನು `cybercrime.gov.in` ನಲ್ಲಿ ಅಥವಾ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಹುಬ್ಬಳ್ಳಿ-ಧಾರವಾಡದ ಸಿಇಎನ್ ಪೊಲೀಸ್ ಠಾಣೆಯಲ್ಲಿ ಕೊಡಬಹುದು. ಕಂಪ್ಯೂಟರ್ ಅಥವಾ ಮೊಬೈಲ್ ಬಳಸಿ ಬೇರೊಬ್ಬರ ವೇಷದಲ್ಲಿ ವಂಚಿಸುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಆದರೆ ಲಿಂಕ್ಡ್‌ಇನ್‌ಗೆ ವರದಿ ಮಾಡುವ ಮೊದಲು ಆ ಪ್ರೊಫೈಲಿನ ಪೂರ್ತಿ ವಿಳಾಸವನ್ನು ನಕಲಿಸಿಟ್ಟುಕೊಳ್ಳಬೇಕು. ಖಾತೆ ಅಳಿಸಿದ ಮೇಲೆ ಅದು ಸಿಗುವುದು ಕಷ್ಟ, ಮತ್ತು ವಿಳಾಸವಿಲ್ಲದ ಸ್ಕ್ರೀನ್‌ಶಾಟ್‌ನಲ್ಲಿ ಠಾಣೆಯವರಿಗೆ ಕಾಣುವುದು ಏನೂ ಅರಿಯದ ಆ ನಿಜವಾದ ಅಧಿಕಾರಿಯ ಮುಖ ಮತ್ತು ಹೆಸರು ಮಾತ್ರ.