ಎ2 ‘ನಾರ್ಮಲ್’ ಬಂದರೂ ಗಂಡನ ರಕ್ತ ಯಾಕೆ ನೋಡಬೇಕು?

ನಮ್ಮ ಕಲಬುರಗಿ ಕಡೆ ಬಸುರಿ ಹೆಣ್ಣುಮಗಳ ಹಿಮೋಗ್ಲೋಬಿನ್ ಹತ್ತರ ಆಸುಪಾಸು ಇದ್ದರೆ ಯಾರೂ ಗಾಬರಿ ಆಗುವುದಿಲ್ಲ. ‘ರಕ್ತ ಕಮ್ಮಿ ಅದ, ಕೆಂಪು ಗುಳಿಗಿ ತಪ್ಪಿಸಬ್ಯಾಡ್ರಿ’ ಎಂದರೆ ಮಾತು ಮುಗಿಯಿತು. ಹೆಚ್ಚಿನ ಸಲ ಅದು ಸರಿಯೇ, ಕೊರತೆ ಕಬ್ಬಿಣದ್ದೇ ಇರುತ್ತದೆ. ಆದರೆ ಅದೇ ಹತ್ತರ ಹಿಂದೆ ಬೀಟಾ ಥಲಸ್ಸೀಮಿಯಾ ವಾಹಕತ್ವವೂ, ಅಂದರೆ ಆ ರಕ್ತರೋಗದ ಕೆಟ್ಟ ಜೀನ್ ಒಂದನ್ನು ತಾನು ರೋಗಿಯಾಗದೆ ಹೊತ್ತಿರುವುದೂ ಅಡಗಿರಬಹುದು. ಅದಕ್ಕಿಂತ ತೊಡಕಿನದು, ಎರಡೂ ಒಂದೇ ಮೈಯಲ್ಲಿ ಇರುವುದು. ಈ ಟಿಪ್ಪಣಿ ಮುಖ್ಯವಾಗಿ ಆ ಮೂರನೆಯವರ ಬಗ್ಗೆ.

ಮೊದಲು ಸುಲಭದ ಇಬ್ಬರನ್ನು ನೋಡೋಣ. ಇಬ್ಬರಿಗೂ ಹಿಮೋಗ್ಲೋಬಿನ್ 10.6. ಒಬ್ಬಳ ಕೆಂಪು ಕಣಗಳ ಎಣಿಕೆ 44 ಲಕ್ಷ, ಕಣದ ಸರಾಸರಿ ಗಾತ್ರ ಅಂದರೆ ಎಂಸಿವಿ 77. ಇನ್ನೊಬ್ಬಳ ಎಣಿಕೆ 55 ಲಕ್ಷ, ಎಂಸಿವಿ 63. ರೊಟ್ಟಿ ಬಡಿಯುವುದನ್ನು ನೆನೆಸಿಕೊಂಡರೆ ನನಗೆ ಇದು ಮರೆಯುವುದಿಲ್ಲ. ಕಬ್ಬಿಣದ ಕೊರತೆ ಎಂದರೆ ಡಬ್ಬಿಯಲ್ಲಿ ಹಿಟ್ಟೇ ತಳ ಕಂಡಂತೆ: ರೊಟ್ಟಿಯ ಲೆಕ್ಕವೂ ಕಮ್ಮಿ, ಒಂದು ದೊಡ್ಡದು, ಒಂದು ಸಣ್ಣದು. ವಾಹಕರಲ್ಲಿ ಹಿಟ್ಟು ಸಾಕಷ್ಟಿದೆ, ಆದರೆ ಪ್ರತಿ ಉಂಡೆಯೂ ಸಣ್ಣದು. ಹಾಗಾಗಿ ರೊಟ್ಟಿ ಬಹಳ, ಎಲ್ಲವೂ ಪುಟ್ಟವು, ಹೆಚ್ಚುಕಡಿಮೆ ಒಂದೇ ಅಳತೆಯವು. ಅಳತೆಯ ಏರುಪೇರನ್ನು ಹೇಳುವ ಆರ್‌ಡಿಡಬ್ಲ್ಯು ಕಬ್ಬಿಣದ ಕೊರತೆಯಲ್ಲಿ ಮೇಲೇರುವುದು, ವಾಹಕರಲ್ಲಿ ಸಾಮಾನ್ಯವಾಗಿ ಅಷ್ಟು ಏರದಿರುವುದು ಇದರಿಂದಲೇ.

ಇದನ್ನೇ ಒಂದು ಭಾಗಾಕಾರಕ್ಕೆ ಇಳಿಸಿದ್ದು ಮೆಂಟ್ಜರ್ ಸೂಚ್ಯಂಕ, 1973ರದು. ಎಂಸಿವಿಯನ್ನು ಮಿಲಿಯನ್‌ನಲ್ಲಿ ಬರೆದ ಕಣಗಳ ಎಣಿಕೆಯಿಂದ ಭಾಗಿಸಬೇಕು. ಮೊದಲನೆಯವಳದು 77 ÷ 4.4, ಸುಮಾರು 17.5. ಎರಡನೆಯವಳದು 63 ÷ 5.5, ಸುಮಾರು 11.5. 13ಕ್ಕಿಂತ ಮೇಲಿದ್ದರೆ ಕಬ್ಬಿಣದ ಕಡೆ, ಕೆಳಗಿದ್ದರೆ ವಾಹಕತ್ವದ ಕಡೆ ಅನುಮಾನ ವಾಲುತ್ತದೆ. ವಾಲುತ್ತದೆ ಅಷ್ಟೇ, ತೀರ್ಪು ಅಲ್ಲ. 13ಕ್ಕಿಂತ ಮೇಲೆ ಬಂತೆಂದು ವಾಹಕತ್ವವನ್ನು ಹೊಡೆದುಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ತೀರ್ಪು ಕೊಡುವುದು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ. ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ಹೆಚ್ಚಿನ ಪಾಲು ಎರಡು ಆಲ್ಫಾ, ಎರಡು ಬೀಟಾ ಸರಪಳಿ ಕೂಡಿದ್ದು. ಬೀಟಾ ಬದಲು ಡೆಲ್ಟಾ ಕೂಡಿದರೆ ಅದು ಹಿಮೋಗ್ಲೋಬಿನ್ ಎ2. ವಾಹಕರಲ್ಲಿ ಎರಡು ಬೀಟಾ ಜೀನ್‌ಗಳಲ್ಲಿ ಒಂದು ಕೆಟ್ಟಿರುವುದರಿಂದ ಬೀಟಾ ಕಮ್ಮಿ, ಡೆಲ್ಟಾಕ್ಕೆ ಜಾಗ ಹೆಚ್ಚು. ಎ2 3.5 ಪ್ರತಿಶತ ದಾಟುತ್ತದೆ, ಸಾಮಾನ್ಯವಾಗಿ 4ರಿಂದ 6ರ ನಡುವೆ ಕೂರುತ್ತದೆ.

ಗಂಟು ಬೀಳುವುದು ಇಲ್ಲಿಯೇ. ಕಬ್ಬಿಣ ಖಾಲಿಯಾದರೆ ಎ2 ಕೆಳಗಿಳಿಯುತ್ತದೆ. ಆಲ್ಫಾ ಸರಪಳಿಯ ತಯಾರಿಕೆಯೇ ತಗ್ಗುತ್ತದೆ, ಇದ್ದ ಆಲ್ಫಾದ ಜತೆ ಕೂಡುವ ಪೈಪೋಟಿಯಲ್ಲಿ ಬೀಟಾ ಮುಂದೆ, ಡೆಲ್ಟಾ ಹಿಂದೆ ಎಂಬುದು ಇದಕ್ಕೆ ಕೊಡುವ ಕಾರಣ. ಫಲವಾಗಿ ನಿಜವಾದ ವಾಹಕಳ ಎ2 ಕೂಡ 3.2, 3.4 ಎಂದು ಬಂದು ‘ನಾರ್ಮಲ್’ ಎಂಬ ಮುದ್ರೆ ಹೊತ್ತುಕೊಳ್ಳಬಹುದು. ಎಲ್ಲರಲ್ಲೂ ಇಷ್ಟು ಇಳಿಯುವುದಿಲ್ಲ. ಆದರೆ ಯಾರಲ್ಲಿ ಇಳಿದಿದೆ ಎಂಬುದನ್ನು ಆ ಒಂದು ಅಂಕಿ ಹೇಳುವುದಿಲ್ಲ.

ಈಗ ಕೇಸು. ಇದು ಕಲಿಯಲೆಂದೇ ನಾನು ಕಟ್ಟಿಕೊಂಡದ್ದು, ಅಂಕಿಗಳು ಮಾತ್ರ ಒಂದಕ್ಕೊಂದು ತಾಳೆ ಆಗುತ್ತವೆ. ಚಿತ್ತಾಪುರ ತಾಲೂಕಿನ ಹಳ್ಳಿ, 22 ವರ್ಷ, ಚೊಚ್ಚಲ ಬಸುರಿ, ಒಂಬತ್ತನೇ ವಾರ. ಗಂಡ ಸೋದರಮಾವ. ಹಿಮೋಗ್ಲೋಬಿನ್ 9.4, ಎಣಿಕೆ 51 ಲಕ್ಷ, ಎಂಸಿವಿ 60, ಆರ್‌ಡಿಡಬ್ಲ್ಯು 19. ಫೆರಿಟಿನ್ 7, ಅಂದರೆ ಕಬ್ಬಿಣದ ದಾಸ್ತಾನು ಬರಿದು. 15ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ. ಎ2 3.4, ಅದರ ಮುಂದೆ ‘ಸಹಜ ಮಿತಿಯಲ್ಲಿದೆ’.

‘ಹಂಗಾದ್ರ ಬರೇ ಕಬ್ಬಿಣದ್ದೇ ಅಲ್ಲೇನ್ರೀ ಅಕ್ಕಾರ?’ ಎಂದು ಆಕೆಯ ಅತ್ತೆ ಕೇಳುತ್ತಾರೆ. ಅತ್ತೆ ಎಂದರೆ ಇಲ್ಲಿ ತಾಯಿಯ ತಾಯಿಯೇ. ಕೇಳಿದ್ದರಲ್ಲಿ ತಪ್ಪಿಲ್ಲ, ಕಬ್ಬಿಣ ಕಮ್ಮಿ ಇರುವುದಂತೂ ನಿಜ. ಆದರೆ ಕಬ್ಬಿಣದ ಕೊರತೆಯೊಂದೇ ಇದ್ದು ಹಿಮೋಗ್ಲೋಬಿನ್ 9.4ಕ್ಕೆ ಇಳಿದಿದ್ದರೆ ಎಣಿಕೆಯೂ ಜತೆಗೆ ಇಳಿಯಬೇಕಿತ್ತು. ಅದು 51 ಲಕ್ಷದಲ್ಲಿ ನಿಂತಿದೆ. 60 ÷ 5.1 ಎಂದರೆ 11.8. ಎರಡೂ ಒಟ್ಟಿಗಿರುವ ಸಂಶಯಕ್ಕೆ ಇಷ್ಟು ಸಾಕು.

ಪುಸ್ತಕದ ಉತ್ತರ: ಮೂರು ತಿಂಗಳು ಕಬ್ಬಿಣ ಕೊಟ್ಟು ಎ2 ಮತ್ತೆ ನೋಡಿ. ಮದುವೆಗೆ ಮುಂಚೆ ಬಂದಿದ್ದರೆ ಅದೇ ಸರಿಯಾದ ದಾರಿ. ಬಸುರಿಯಲ್ಲಿ ಆ ಮೂರು ತಿಂಗಳು ನಮ್ಮ ಕೈಯಲ್ಲಿಲ್ಲ. ಮಾಸುಚೀಲದ ಚೂರು ತೆಗೆದು ಭ್ರೂಣದ ಜೀನ್ ನೋಡುವ ಪರೀಕ್ಷೆ 11ರಿಂದ 13ನೇ ವಾರದಲ್ಲಿ ಆಗಬೇಕು. ಆಮೇಲೆ ಉಳಿಯುವುದು 16ನೇ ವಾರ ದಾಟಿದ ಮೇಲಿನ ಭ್ರೂಣದ ಸುತ್ತಲಿನ ನೀರಿನ ಪರೀಕ್ಷೆ. ಕಾನೂನು 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಡುತ್ತದೆ. ತಡವಾದಷ್ಟೂ ಆ ತಂದೆತಾಯಿಗೆ ಯೋಚಿಸಲು ಉಳಿಯುವ ದಿನ ಕಮ್ಮಿ. ಆದ್ದರಿಂದ ಕಬ್ಬಿಣವನ್ನು ಇಂದೇ ಶುರು ಮಾಡಿ, ಇಂದೇ ಗಂಡನ ರಕ್ತವನ್ನೂ ತೆಗೆಸಬೇಕು.

ಇಬ್ಬರೂ ವಾಹಕರಾದರೆ ಮಾತ್ರ ಮಗುವಿಗೆ ಎರಡೂ ಕಡೆಯ ಕೆಟ್ಟ ಜೀನ್ ಬಂದು ಥಲಸ್ಸೀಮಿಯಾ ಮೇಜರ್ ಎಂಬ ತೀವ್ರ ರೋಗ ಆಗಬಹುದು, ಹಾಗಾಗಿ ಗಂಡನ ರಕ್ತದ ತೂಕ ಇಲ್ಲಿ ಹೆಚ್ಚು. ನಮ್ಮ ದೇಶದಲ್ಲಿ ನೂರರಲ್ಲಿ ಮೂರು ನಾಲ್ಕು ಜನ ವಾಹಕರೆಂಬುದು ಸರಾಸರಿ ಅಂದಾಜು. ಹೊರಗಿನ ಹುಡುಗನಾದರೆ ಲೆಕ್ಕ ಅಷ್ಟರಲ್ಲೇ. ಸೋದರಮಾವನ ಮಾತು ಬೇರೆ. ಆಕೆಗೆ ಈ ಜೀನ್ ತಾಯಿಯಿಂದ ಬಂದಿರುವ ಸಾಧ್ಯತೆ ಅರ್ಧ. ತಾಯಿಯಲ್ಲಿ ಇದ್ದರೆ ತಾಯಿಯ ತಮ್ಮನಾದ ಗಂಡನಲ್ಲೂ ಇರುವ ಸಾಧ್ಯತೆ ಮತ್ತೆ ಅರ್ಧ. ಸೇರಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು.

ಗಂಡನ ರಿಪೋರ್ಟ್: ಹಿಮೋಗ್ಲೋಬಿನ್ 13.1, ಎಣಿಕೆ 64 ಲಕ್ಷ, ಎಂಸಿವಿ 66, ಎ2 5.3. ದಿನವಿಡೀ ಹೊಲದಲ್ಲಿ ದುಡಿಯುವ ಗಟ್ಟಿ ಆಳು, ಒಂದು ದಿನವೂ ದಣಿವು ಅಂದವನಲ್ಲ. ವಾಹಕರು ಸಾಮಾನ್ಯವಾಗಿ ಹೀಗೇ ಇರುತ್ತಾರೆ. ಈಗ ಆಕೆಯ 3.4ರ ಮೇಲೆ ನಂಬಿಕೆ ಇಡುವಂತಿಲ್ಲ. ಇಬ್ಬರ ಬೀಟಾ ಜೀನ್ ಪರೀಕ್ಷೆಗೆ ಮಾದರಿ ಹೋಗುತ್ತದೆ. ಇಬ್ಬರಲ್ಲೂ ಸಿಗುವುದು ಭಾರತದಲ್ಲಿ ಬಹಳ ಸಾಮಾನ್ಯವಾದ ಜೀನ್ ದೋಷ IVS 1-5 (G>C). ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಥಲಸ್ಸೀಮಿಯಾ ಮೇಜರ್ ಆಗುವ ಸಾಧ್ಯತೆ. ಹಾಗೆ ಹುಟ್ಟಿದ ಮಗುವಿಗೆ ಸಾಮಾನ್ಯವಾಗಿ ಎರಡು ವರ್ಷದೊಳಗೆ ರಕ್ತ ಏರಿಸುವುದು ಶುರುವಾಗುತ್ತದೆ, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ.

ಮೊದಲ ಮಗು ಚೆನ್ನಾಗಿದ್ದರೆ ‘ನಮ್ಮ ಪಾಲು ಮುಗೀತು’ ಅಂದುಕೊಳ್ಳುವವರಿದ್ದಾರೆ. ಎರಡನೇ ಬಸಿರಿಗೆ ಲೆಕ್ಕ ಮತ್ತೆ ಮೊದಲಿನಿಂದ.

ಈ ಕೇಸಿನಲ್ಲಿ 12ನೇ ವಾರದ ಪರೀಕ್ಷೆಯಲ್ಲಿ ಭ್ರೂಣ ತಂದೆತಾಯಿಯಂತೆ ಬರೀ ವಾಹಕ, ಬಸಿರು ಮುಂದುವರಿಯಿತು ಎಂದಿಟ್ಟುಕೊಳ್ಳಿ. ಆಕೆಯ ಕಬ್ಬಿಣ ನಿಲ್ಲಿಸಬಾರದು. ‘ಥಲಸ್ಸೀಮಿಯಾ ಅಂದ್ರ ಕಬ್ಬಿಣ ಕೊಡಬಾರದು’ ಎಂಬ ಮಾತನ್ನು ಮೇಜರ್ ರೋಗಿಗಳಿಂದ ತಂದು ವಾಹಕರಿಗೆ ಅಂಟಿಸುವುದು ತಪ್ಪು. ವಾಹಕರಿಗೆ ಕೊಡಬೇಕೋ ಬೇಡವೋ ಎಂಬುದನ್ನು ಫೆರಿಟಿನ್ ಹೇಳುತ್ತದೆ. ದಾಸ್ತಾನು ತುಂಬಿದ ಮೇಲೂ ಎಂಸಿವಿ 60ರ ಆಸುಪಾಸಿನಿಂದ ಹೆಚ್ಚು ಏಳದಿದ್ದರೆ ಗುಳಿಗೆಯ ಪ್ರಮಾಣ ಏರಿಸುತ್ತ ಹೋಗುವುದರಲ್ಲಿ ಅರ್ಥವಿಲ್ಲ.

ಹೆರಿಗೆಗೆ ಮುಂಚೆ ಫೆರಿಟಿನ್ 34ಕ್ಕೆ ಬಂದಾಗ ಆಕೆಯ ಎ2 ಮತ್ತೆ ನೋಡಿದರೆ 4.3. ಅದೇ ಕೈ, ಅದೇ ಯಂತ್ರ. ಆ ಹೊತ್ತಿಗೆ ಮನೆಯಲ್ಲಿ ತಂಗಿಗೆ ಇನ್ನೊಬ್ಬ ಸೋದರಮಾವನ ಜತೆ ಮಾತುಕತೆ ನಡೆದಿರುತ್ತದೆ. ಅವಳ ಎಂಸಿವಿ 85, ಫೆರಿಟಿನ್ 28, ಎ2 2.6. ಇವಳು ವಾಹಕಳಲ್ಲ, ಬೀಟಾ ಥಲಸ್ಸೀಮಿಯಾ ಮೇಜರ್‌ನ ಮಟ್ಟಿಗೆ ಆ ಮಾವನ ರಿಪೋರ್ಟ್ ಏನೇ ಬಂದರೂ ಅಡ್ಡಿಯಿಲ್ಲ.